ಸಂಪು ತೊಳೆದ ಭಾನುವಾರದಿಂದ ನಮ್ಮ ಎಂಟು ಮನೆಗಳ ಗುಂಪು ಬದಲಾದ ಬಗೆ

ಮೇ 18, ಭಾನುವಾರ. ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಎರಡನೆಯ ಮಹಡಿಯಿಂದ ಬಾಣಂತಿಯ ತಾಯಿ ಖಾಲಿ ಕೊಡ ಹಿಡಿದು ನಮ್ಮ ಬಾಗಿಲಿಗೆ ಬಂದರು. ‘ನಲ್ಲಿಯಲ್ಲಿ ಒಂದು ಹನಿ ನೀರಿಲ್ಲ ಮಗಳೇ, ಮಗುವಿಗೆ ಎರೆಯುವ ಹೊತ್ತು’ ಎಂದರು. ಅಡುಗೆಮನೆಯಲ್ಲಿ ತುಂಬಿಟ್ಟಿದ್ದ ಎರಡು ಕೊಡಗಳನ್ನು ನಾನೇ ಮೇಲಕ್ಕೆ ಹೊತ್ತುಕೊಂಡು ಹೋದೆ. ಮೆಟ್ಟಿಲು ಹತ್ತುವಾಗ ಅವರು ಒಂದೇ ಮಾತನ್ನು ಎರಡು ಸಲ ಕೇಳಿದರು: ‘ಇವತ್ತು ನೀರಿಲ್ಲವೆಂದು ಯಾರೂ ಹೇಳಲಿಲ್ಲವಲ್ಲ?’

ಹೇಳಿದ್ದರು. ಹಿಂದಿನ ರಾತ್ರಿ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಮನೆಯ ಮಾಲೀಕರು ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದಿದ್ದರು: ‘ನಾಳೆ ಸಂಪು ಕ್ಲೀನಿಂಗ್. ನೀರು ಇರುವುದಿಲ್ಲ. ಎಲ್ಲರೂ ತುಂಬಿಸಿಕೊಳ್ಳಿ.’ ಅದರ ಕೆಳಗೆ ಶುಭರಾತ್ರಿಯ ಮೂರು ಚಿತ್ರಗಳು, ಯಾವುದೋ ಜಲಪಾತದ ವಿಡಿಯೊ, ಬೆಳಗಿನ ಜಾವದಿಂದ ಗುಲಾಬಿ ಹೂವಿನ ಶುಭೋದಯಗಳು, ಟೀಚರ್ ಮನೆಯ ಮಗನ ಹುಟ್ಟುಹಬ್ಬಕ್ಕೆ ಹಾರೈಕೆಗಳು. ಎಂಟು ಗಂಟೆಯ ಹೊತ್ತಿಗೆ ಮಾಲೀಕರ ಆ ಒಂದು ಸಾಲಿನ ಕೆಳಗೆ ಮೂವತ್ತೇಳು ಸಂದೇಶಗಳಿದ್ದವು. ಮಗು ಅತ್ತಾಗೆಲ್ಲ ಎದ್ದು ರಾತ್ರಿ ಕಳೆಯುವ ಮನೆಯಲ್ಲಿ ಮೂವತ್ತೇಳು ಸಂದೇಶಗಳನ್ನು ಹಿಂದಕ್ಕೆ ಸರಿಸಿ ನೋಡುವವರು ಯಾರು?

ನಮ್ಮದು ಶಿವಮೊಗ್ಗದ ವಿನೋಬನಗರದಲ್ಲಿರುವ ಎಂಟು ಬಾಡಿಗೆ ಮನೆಗಳ ಕಟ್ಟಡ. ಮಾಲೀಕರು ತೀರ್ಥಹಳ್ಳಿಯ ಕಡೆಯವರು, ಅಡಿಕೆ ತೋಟ ಬಿಟ್ಟು ಬರುವುದು ತಿಂಗಳಿಗೆ ಒಂದೆರಡು ಸಲ. ನೆಲಮಹಡಿಯಲ್ಲಿ ಒಬ್ಬರೇ ಇರುವ ಅಜ್ಜಿ ಮತ್ತು ಔಷಧಿ ಅಂಗಡಿಯವರ ಸಂಸಾರ. ಮೊದಲ ಮಹಡಿಯಲ್ಲಿ ನಾವು, ಶಾಲಾ ಟೀಚರ್ ಮನೆ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮೇಡಂ. ಎರಡನೆಯ ಮಹಡಿಯಲ್ಲಿ ಬಾಣಂತಿಯ ಮನೆ, ಎಂಜಿನಿಯರಿಂಗ್ ಓದುವ ಮೂವರು ಹುಡುಗರು, ಬಸ್ ಚಾಲಕರೊಬ್ಬರ ಕುಟುಂಬ. ಒಟ್ಟು ಇಪ್ಪತ್ತೇಳು ಜನ. ನಾನು ಕಾಲೇಜೊಂದರಲ್ಲಿ ಗ್ರಂಥಪಾಲಕಿ.

ಆ ಭಾನುವಾರದ ಜಗಳ ಎರಡು ದಿನ ನಡೆಯಿತು. ಬಾಣಂತಿಯ ಗಂಡ ಗುಂಪಿನಲ್ಲೇ ಸಿಟ್ಟಿನಿಂದ ಬರೆದರು. ‘ಸಂದೇಶ ನೋಡದಿದ್ದರೆ ಯಾರ ತಪ್ಪು?’ ಎಂದು ಔಷಧಿ ಅಂಗಡಿಯವರು ಉತ್ತರಿಸಿದರು. ಹುಡುಗರಲ್ಲೊಬ್ಬ ನಗುವ ಮುಖದ ಚಿಹ್ನೆ ಹಾಕಿದ, ಅದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಸೋಮವಾರ ರಾತ್ರಿ ನರ್ಸ್ ಮೇಡಂ ಗುಂಪು ಬಿಟ್ಟು ಹೋದರು. ಮಂಗಳವಾರ ಮಾಲೀಕರು ನನಗೆ ಫೋನ್ ಮಾಡಿ, ‘ನೀವು ಅಲ್ಲೇ ಇರುತ್ತೀರಿ, ಇದನ್ನೊಂದು ದಾರಿಗೆ ತನ್ನಿ’ ಎಂದರು.

ಮೊದಲು ಮಾಡಿದ ಕೆಲಸವೆಂದರೆ ಹಿಂದಿನ ನಾಲ್ಕು ವಾರಗಳ ಸಂದೇಶಗಳನ್ನು ಕೂತು ಓದಿದ್ದು. ಕೈಯಲ್ಲಿ ಒಂದು ನೋಟ್‌ಬುಕ್ಕು, ಅದರಲ್ಲಿ ನಾಲ್ಕು ಕಂಬಸಾಲು. ಒಟ್ಟು 412 ಸಂದೇಶಗಳಿದ್ದವು. ಎಲ್ಲರೂ ತಿಳಿಯಲೇಬೇಕಾದ ಸೂಚನೆಗಳು ಅವುಗಳಲ್ಲಿ 19 ಮಾತ್ರ. ಶುಭಾಶಯ, ಫಾರ್ವರ್ಡ್‌ಗಳೇ ಹೆಚ್ಚಿರುತ್ತವೆ ಎಂದು ನನಗೆ ಗೊತ್ತಿತ್ತು, ಅದರಲ್ಲಿ ಆಶ್ಚರ್ಯವೇನೂ ಆಗಲಿಲ್ಲ. ಆಶ್ಚರ್ಯವಾದದ್ದು ಇನ್ನೊಂದು ಕಂಬಸಾಲು ನೋಡಿ: ‘ನೀರು ಬಂತಾ?’, ‘ಕರೆಂಟ್ ಎಷ್ಟು ಹೊತ್ತಿಗೆ?’, ‘ನಮ್ಮ ಮನೆಗೆ ಮಾತ್ರ ಇಲ್ಲವೋ ಎಲ್ಲರಿಗೂ ಇಲ್ಲವೋ?’, ‘ಮೋಟರ್ ರಿಪೇರಿ ಆಯಿತಾ?’ ಇಂಥ ಪ್ರಶ್ನೆಗಳು 96 ಇದ್ದವು. ಅವಕ್ಕೆ ಬಂದ ‘ಇಲ್ಲ’, ‘ನಮಗೂ ಇಲ್ಲ’, ‘ಗೊತ್ತಿಲ್ಲ’ ಎಂಬ ಉತ್ತರಗಳು ಅದಕ್ಕಿಂತ ಹೆಚ್ಚು.

ಆ 96 ಪ್ರಶ್ನೆಗಳನ್ನು ಒಂದೊಂದಾಗಿ ನೋಡುತ್ತಾ ಹೋದಾಗ ವಿಷಯ ಸ್ಪಷ್ಟವಾಯಿತು. ಇವು ಹರಟೆಯಾಗಿರಲಿಲ್ಲ. ಪ್ರತಿಯೊಂದರ ಹಿಂದೆಯೂ ಅರ್ಧಕ್ಕೆ ನಿಂತ ಒಂದು ಸೂಚನೆ ಇತ್ತು. ‘ಮೋಟರ್ ಕೆಟ್ಟಿದೆ’ ಎಂದು ಬರೆದವರು ಯಾವಾಗ ಸರಿಹೋಗಬಹುದು ಎಂದು ಬರೆದಿರಲಿಲ್ಲ. ಸರಿಹೋದ ಮೇಲೆ ‘ಸರಿಹೋಯಿತು’ ಎಂದು ಬರೆದಿರಲಿಲ್ಲ. ‘ನಾಳೆ’ ಎಂದು ರಾತ್ರಿ ಬರೆದದ್ದನ್ನು ಮರುದಿನ ಬೆಳಿಗ್ಗೆ ಓದಿದವರು ಅದರ ಮರುದಿನವೆಂದು ತಿಳಿದಿದ್ದರು. ಸಂಪಿನ ವಿಷಯದಲ್ಲೂ ಇದೇ ಆಗಿತ್ತು. ಹುಡುಗರು ಬೆಳಿಗ್ಗೆ ಏಳಕ್ಕೆ ನೋಡಿ, ‘ನಾಳೆ ತಾನೇ’ ಎಂದು ಮತ್ತೆ ಮಲಗಿದ್ದರು.

ಇನ್ನೂ ಒಂದು ಸಂಗತಿ ಇತ್ತು. ಅದನ್ನು ನನಗೆ ತಿಳಿಸಿದವರು ಬಸ್ ಚಾಲಕರು, ಮಾಲೀಕರು ಮೋಟರ್ ಹಾಕುವ ಕೆಲಸ ವಹಿಸಿರುವುದು ಅವರಿಗೆ. ನಮ್ಮ ತಾರಸಿಯ ಮೇಲೆ ಎರಡು ಸಾವಿರ ಲೀಟರಿನ ಎರಡು ಟ್ಯಾಂಕುಗಳಿವೆ. ಎರಡೂ ತುಂಬಿದ್ದರೆ ನಾಲ್ಕು ಸಾವಿರ ಲೀಟರು. ಇಡೀ ಕಟ್ಟಡಕ್ಕೆ ಒಂದು ದಿನಕ್ಕೆ ಖರ್ಚಾಗುವುದು ಸುಮಾರು ಮೂರು ಸಾವಿರ ಲೀಟರು. ಸಂಪು ತೊಳೆಯುವುದು ಐದಾರು ಗಂಟೆಯ ಕೆಲಸ. ಅಂದರೆ ಹಿಂದಿನ ರಾತ್ರಿ ಟ್ಯಾಂಕು ತುಂಬಿಸಿದ್ದರೆ ಯಾರ ಮನೆಯ ನಲ್ಲಿಯೂ ಒಣಗಬೇಕಾಗಿರಲಿಲ್ಲ. ಸೂಚನೆ ಹತ್ತೂಮುಕ್ಕಾಲಿಗೆ ಬಂದಾಗ ಚಾಲಕರು ಮಲಗಿಬಿಟ್ಟಿದ್ದರು, ಟ್ಯಾಂಕುಗಳು ಅರ್ಧ ಖಾಲಿ. ಬೆಳಿಗ್ಗೆ ಬೇಗ ಎದ್ದು ಸಂದೇಶ ನೋಡಿದ ಮನೆಗಳವರು ‘ಎಲ್ಲರೂ ತುಂಬಿಸಿಕೊಳ್ಳಿ’ ಎಂಬ ಮಾತಿನಂತೆ ಡ್ರಮ್ಮು, ಹಂಡೆ, ಬಕೆಟ್ಟು, ಪಾತ್ರೆ ಎಲ್ಲವನ್ನೂ ತುಂಬಿಸಿಕೊಂಡರು. ನಾನೂ ತುಂಬಿಸಿಕೊಂಡಿದ್ದೆ. ಏಳೂವರೆಗೆ ಟ್ಯಾಂಕು ಬರಿದಾಯಿತು. ಬಾಣಂತಿಯ ಮನೆಯ ನಲ್ಲಿ ಒಣಗಿದ್ದಕ್ಕೆ ಸಂಪು ತೊಳೆದದ್ದು ಕಾರಣವಾಗಿರಲಿಲ್ಲ, ತಡವಾಗಿ ಬಂದ ಆ ಮೂರು ವಾಕ್ಯಗಳೇ ಕಾರಣವಾಗಿದ್ದವು. ಇದು ತಿಳಿದ ಮೇಲೆ ಆ ಮನೆಗೆ ಹೋಗಿ ಹೇಳಿಕೊಂಡೆ. ಬಾಣಂತಿಯ ತಾಯಿ, ‘ನೀನು ಕೊಡ ಹೊತ್ತು ತಂದೆಯಲ್ಲ, ಬಿಡು’ ಎಂದರು.

ನಿಯಮಗಳನ್ನು ಗುಂಪಿನಲ್ಲೇ ಬರೆದು ಹಾಕುವುದು ಸುಲಭವಾಗಿತ್ತು, ಆದರೆ ಎರಡು ದಿನದ ಜಗಳದ ಬಿಸಿ ಆರಿರಲಿಲ್ಲ. ಯಾರು ಏನು ಬರೆದರೂ ಅದು ಇನ್ನೊಬ್ಬರನ್ನು ಚುಚ್ಚುವುದಕ್ಕೇ ಎನ್ನುವಂತಿತ್ತು. ಆದ್ದರಿಂದ ಮನೆಮನೆಗೂ ಹೋದೆ. ಎಲ್ಲರಿಗೂ ಎರಡೇ ಪ್ರಶ್ನೆ ಕೇಳಿದೆ: ಗುಂಪಿನಿಂದ ನಿಮಗೆ ಏನು ತಿಳಿಯಬೇಕು, ದಿನದ ಯಾವ ಹೊತ್ತಿನಲ್ಲಿ ನೀವು ಫೋನ್ ನೋಡುತ್ತೀರಿ? ಒಂದೊಂದು ಮನೆಯಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯಲಿಲ್ಲ, ಕಾಫಿ ಕುಡಿದ ಮನೆಗಳನ್ನು ಬಿಟ್ಟು.

ಉತ್ತರಗಳನ್ನು ಬರೆದಿಟ್ಟುಕೊಂಡೆ. ನರ್ಸ್ ಮೇಡಂ ರಾತ್ರಿಪಾಳಿಗೆ ಎಂಟಕ್ಕೆ ಹೊರಡುತ್ತಾರೆ, ಮರುದಿನ ಬೆಳಿಗ್ಗೆ ಬಂದು ಮಲಗಿದರೆ ಮಧ್ಯಾಹ್ನದವರೆಗೆ ಫೋನ್ ಸದ್ದು ಮಾಡಬಾರದು. ಚಾಲಕರು ಸಾಗರದ ಕಡೆಯ ಬಸ್ಸಿನಿಂದ ಸಂಜೆ ಏಳಕ್ಕೆ ಇಳಿದು ಮನೆಗೆ ಬರುತ್ತಾರೆ, ಒಂಬತ್ತಕ್ಕೆ ಮಲಗಿ ನಾಲ್ಕಕ್ಕೆ ಏಳುತ್ತಾರೆ. ಟೀಚರ್ ಶಾಲೆಯಲ್ಲಿ ಫೋನ್ ಮುಟ್ಟುವುದಿಲ್ಲ. ಔಷಧಿ ಅಂಗಡಿಯವರು ರಾತ್ರಿ ಒಂಬತ್ತೂವರೆಗೆ ಬಾಗಿಲು ಹಾಕುವವರೆಗೂ ಗಿರಾಕಿಗಳ ನಡುವೆ ಇರುತ್ತಾರೆ, ಅವರ ಹೆಂಡತಿ ಮನೆಯಲ್ಲಿ ನೋಡುತ್ತಾರೆ. ಹುಡುಗರು ರಾತ್ರಿ ಹನ್ನೆರಡರವರೆಗೂ ಎಚ್ಚರ. ಅಜ್ಜಿಯ ಹತ್ತಿರ ಇರುವುದು ಒತ್ತುವ ಗುಂಡಿಗಳ ಫೋನು, ಅವರು ಗುಂಪಿನಲ್ಲೇ ಇರಲಿಲ್ಲ. ಇಷ್ಟು ದಿನ ಅವರಿಗೆ ಸುದ್ದಿ ಮುಟ್ಟುತ್ತಿದ್ದುದು ಹೇಗೆ ಎಂದು ಕೇಳಿದರೆ, ‘ಮೆಟ್ಟಿಲ ಹತ್ತಿರ ಯಾರಾದರೂ ಬೈದುಕೊಂಡು ಹೋದರೆ ತಿಳಿಯುತ್ತಿತ್ತು’ ಎಂದರು. ಅದನ್ನು ಕೇಳಿ ನನಗೆ ನಿಜಕ್ಕೂ ಬೇಸರವಾಯಿತು. ಎಲ್ಲರಿಗಿಂತ ಮೊದಲು ಸುದ್ದಿ ತಿಳಿಯಬೇಕಾದವರು ಅವರು, ಏಕೆಂದರೆ ಕೊಡ ಎತ್ತಲು ಅವರಿಗೆ ಇನ್ನೊಬ್ಬರು ಬೇಕು.

ಎಲ್ಲರ ಹೊತ್ತುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ಪ್ರತಿ ಮನೆಯಲ್ಲೂ ಒಬ್ಬರಾದರೂ ಫೋನ್ ಕೈಯಲ್ಲಿ ಹಿಡಿದಿರುವ ಒಂದೇ ಒಂದು ಸಮಯ ಸಿಕ್ಕಿತು: ಸಂಜೆ ಏಳೂಕಾಲರಿಂದ ಏಳೂಮುಕ್ಕಾಲು. ನಮ್ಮ ವೇಳಾಪಟ್ಟಿ ಹುಟ್ಟಿದ್ದು ಹೀಗೆ. ಯಾವುದೇ ಮುಂಗಡ ಸೂಚನೆ ಹಿಂದಿನ ದಿನ ಸಂಜೆ ಏಳೂವರೆಗೆ ಹೋಗಬೇಕು. ಅದೇ ದಿನದ ನೆನಪಿನ ಸಾಲು, ಬೇಕಿದ್ದರೆ ಮಾತ್ರ, ಬೆಳಿಗ್ಗೆ ಆರೂವರೆಗೆ. ಕೆಲಸ ಮುಗಿದ ತಕ್ಷಣ, ಎಷ್ಟೇ ಹೊತ್ತಾಗಿರಲಿ, ಮುಗಿಯಿತೆಂಬ ಸಾಲು. ರಾತ್ರಿ ಒಂಬತ್ತೂವರೆಯಿಂದ ಬೆಳಿಗ್ಗೆ ಆರರವರೆಗೆ ಬೇರೇನೂ ಇಲ್ಲ.

ಆ ಶನಿವಾರ ಸಂಜೆ ತಾರಸಿಯಲ್ಲಿ ಸೇರಿದೆವು. ನನ್ನ ಸಲಹೆ ಎರಡು ಗುಂಪುಗಳನ್ನು ಮಾಡುವುದಾಗಿತ್ತು. ‘ಮನೆ ಸೂಚನೆ’ ಎಂಬುದರಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಬಹುದು. ‘ಮನೆ ಮಾತು’ ಎಂಬುದರಲ್ಲಿ ಯಾರು ಬೇಕಾದರೂ, ಹೂವು, ಹಾರೈಕೆ, ಹಲಸಿನ ಹಣ್ಣು ಹೆಚ್ಚಾಗಿದೆ ಬಂದು ತೆಗೆದುಕೊಳ್ಳಿ ಎನ್ನುವುದರವರೆಗೆ. ಔಷಧಿ ಅಂಗಡಿಯವರು ಒಪ್ಪಲಿಲ್ಲ. ‘ಬರೆಯುವ ಅಧಿಕಾರ ಒಬ್ಬರ ಕೈಗೆ ಕೊಟ್ಟರೆ ಉಳಿದವರು ಕೇಳಿಸಿಕೊಳ್ಳುವವರು ಮಾತ್ರ ಆಗುತ್ತೇವೆ’ ಎಂದರು. ಅವರ ಮಾತಿನಲ್ಲಿ ಹುರುಳಿತ್ತು. ಆದ್ದರಿಂದ ಮಹಡಿಗೊಬ್ಬರಂತೆ ಮೂವರು ಅಡ್ಮಿನ್‌ಗಳಾದೆವು: ನೆಲಮಹಡಿಗೆ ಔಷಧಿ ಅಂಗಡಿಯವರ ಹೆಂಡತಿ, ಮೊದಲ ಮಹಡಿಗೆ ನಾನು, ಮೇಲಕ್ಕೆ ಚಾಲಕರು. ಯಾರ ಹತ್ತಿರ ಸುದ್ದಿ ಇದೆಯೋ ಅವರು ತಮ್ಮ ಮಹಡಿಯ ಅಡ್ಮಿನ್‌ಗೆ ಹೇಳಬೇಕು. ಮಾಲೀಕರು ಕೂಡ ನೇರವಾಗಿ ಬರೆಯುವುದಿಲ್ಲ, ನಮ್ಮಲ್ಲೊಬ್ಬರಿಗೆ ಫೋನ್ ಮಾಡುತ್ತಾರೆ. ಇದಕ್ಕೆ ಅವರು ಒಪ್ಪಿದ್ದು ನನಗೆ ಸಮಾಧಾನ ತಂದಿತು, ಏಕೆಂದರೆ ಮಾಲೀಕರೇ ಹೊತ್ತು ಮೀರಿ ಬರೆದರೆ ಉಳಿದವರಿಗೆ ಹೇಳುವ ಬಾಯಿ ಇರುವುದಿಲ್ಲ. ನರ್ಸ್ ಮೇಡಂ ಸೂಚನೆಯ ಗುಂಪಿಗೆ ಮಾತ್ರ ಮರಳಿದರು. ‘ಮನೆ ಮಾತು’ ಬೇಡವೆಂದರು, ಯಾರೂ ಒತ್ತಾಯಿಸಲಿಲ್ಲ.

ಅಜ್ಜಿಗಾಗಿ, ಮತ್ತು ಫೋನ್ ಸತ್ತುಹೋದ ದಿನಗಳಿಗಾಗಿ, ಮೆಟ್ಟಿಲ ಕೆಳಗೆ ಮೀಟರ್ ಬೋರ್ಡಿನ ಪಕ್ಕದಲ್ಲಿ ಒಂದು ಸಣ್ಣ ಬಿಳಿ ಹಲಗೆ ತೂಗುಹಾಕಿದೆವು. ಸೂಚನೆ ಗುಂಪಿಗೆ ಹೋದ ಕೂಡಲೇ ಅದರ ಸಾರವನ್ನು ದೊಡ್ಡ ಅಕ್ಷರಗಳಲ್ಲಿ ಹಲಗೆಯ ಮೇಲೆ ಬರೆಯಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು. ಅಳಿಸುವುದರ ಬಗ್ಗೆ ನಾನು ಹಟ ಹಿಡಿದೆ. ಗ್ರಂಥಾಲಯದ ಸೂಚನಾ ಫಲಕವನ್ನು ಹದಿನಾಲ್ಕು ವರ್ಷ ನೋಡಿಕೊಂಡವಳು ನಾನು. ಅವಧಿ ಮೀರಿದ ಎರಡು ಚೀಟಿಗಳು ಫಲಕದ ಮೇಲೆ ಉಳಿದರೆ ಸಾಕು, ಮೂರನೆಯ ಹೊಸ ಚೀಟಿಯನ್ನೂ ವಿದ್ಯಾರ್ಥಿಗಳು ನೋಡದೆ ಹಾದುಹೋಗುತ್ತಾರೆ.

ಸೂಚನೆಯ ಒಕ್ಕಣೆಯನ್ನು ಒಂದೇ ರೀತಿ ಇಟ್ಟುಕೊಂಡೆವು. ಮೊದಲ ಸಾಲಿನಲ್ಲಿ ವಿಷಯ ಮತ್ತು ವಾರದ ಹೆಸರಿನ ಜೊತೆ ದಿನಾಂಕ. ‘ನಾಳೆ’, ‘ನಾಡಿದ್ದು’ ಎಂಬ ಪದಗಳನ್ನು ಬಳಸುವಂತಿಲ್ಲ. ಆಮೇಲೆ ಎಷ್ಟರಿಂದ ಎಷ್ಟರವರೆಗೆ, ಯಾವ ಮನೆಗಳಿಗೆ, ನೀವು ಏನು ಮಾಡಬೇಕು, ಯಾರನ್ನು ಕೇಳಬೇಕು. ಫೋನಿನ ಮುಖಪರದೆಯ ಮೇಲೆ ತೆರೆಯದೆಯೇ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ‘ಆತ್ಮೀಯ ನಿವಾಸಿಗಳೇ, ತಮ್ಮೆಲ್ಲರ ಗಮನಕ್ಕೆ ತರಬಯಸುವುದೇನೆಂದರೆ’ ಎಂದು ಶುರುಮಾಡಿದರೆ ಆ ಜಾಗ ಅದಕ್ಕೇ ಮುಗಿದುಹೋಗುತ್ತದೆ. ಧ್ವನಿ ಸಂದೇಶವನ್ನು ಸೂಚನೆಯ ಗುಂಪಿನಿಂದ ಕೈಬಿಟ್ಟೆವು. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಮಗು ಮಲಗಿದ ಕೋಣೆಯಲ್ಲಿ ಅದನ್ನು ಕೇಳುವುದಕ್ಕಾಗುವುದಿಲ್ಲ, ಸಮಯ ಎಷ್ಟೆಂದು ಮತ್ತೆ ನೋಡಬೇಕಾದರೆ ಪೂರ್ತಿ ಕೇಳಬೇಕು.

ಜೂನ್ ತಿಂಗಳಿಡೀ ಸರಾಗವಾಗಿ ನಡೆಯಿತೆಂದು ಹೇಳಲಾರೆ. ಮೊದಲ ತಪ್ಪು ನನ್ನದೇ. ಒಂದು ಬುಧವಾರ ಮೆಸ್ಕಾಂ ವಿದ್ಯುತ್ ನಿಲುಗಡೆಯ ಸೂಚನೆ ಪತ್ರಿಕೆಯಲ್ಲಿ ಬಂದಿತ್ತು, ಅದನ್ನು ಗುಂಪಿಗೆ ಹಾಕುವಾಗ ಹತ್ತು ಗಂಟೆಯ ಬದಲು ಹನ್ನೊಂದು ಎಂದು ಬರೆದೆ. ಹತ್ತು ನಿಮಿಷದಲ್ಲಿ ನೋಡಿಕೊಂಡು ಅದೇ ಸಂದೇಶವನ್ನು ತಿದ್ದಿದೆ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಹದಿನೈದು ನಿಮಿಷಗಳೊಳಗೆ ತಿದ್ದಬಹುದು, ಆದರೆ ತಿದ್ದಿದ್ದಕ್ಕೆ ಹೊಸದಾಗಿ ಸದ್ದು ಬರುವುದಿಲ್ಲ. ಮೊದಲೇ ಓದಿ ಫೋನ್ ಕೆಳಗಿಟ್ಟ ಟೀಚರ್‌ಗೆ ತಿದ್ದುಪಡಿ ಗೊತ್ತಾಗಲೇ ಇಲ್ಲ, ದೋಸೆಯ ಹಿಟ್ಟು ರುಬ್ಬುತ್ತಿರುವಾಗ ಕರೆಂಟು ಹೋಯಿತು. ಅಂದಿನಿಂದ ಕಾಗುಣಿತದ ತಪ್ಪನ್ನು ಮಾತ್ರ ತಿದ್ದುತ್ತೇವೆ. ಸಮಯವೋ ದಿನವೋ ಬದಲಾದರೆ ಹಳೆಯ ಸಂದೇಶವನ್ನು ಎಲ್ಲರಿಗೂ ಅಳಿಸಿ, ‘ಬದಲಾವಣೆ’ ಎಂಬ ಪದದಿಂದ ಶುರುವಾಗುವ ಹೊಸದನ್ನು ಕಳುಹಿಸುತ್ತೇವೆ.

ಎರಡನೆಯದು ಮಳೆಯ ರಜೆಯದು. ಜುಲೈನಲ್ಲಿ ಮಲೆನಾಡಿನ ಮಳೆ ಹಿಡಿದುಕೊಂಡಾಗ ಶಾಲೆಗೆ ರಜೆ ಇದೆಯೋ ಇಲ್ಲವೋ ಎಂಬುದು ಬೆಳಗಿನ ದೊಡ್ಡ ಪ್ರಶ್ನೆ. ಒಂದು ದಿನ ಬೆಳಿಗ್ಗೆ ‘ಮನೆ ಮಾತು’ ಗುಂಪಿಗೆ ಜಿಲ್ಲಾಧಿಕಾರಿಗಳ ಆದೇಶದ ಚಿತ್ರವೊಂದು ಬಂತು. ಮೊಹರು, ಸಹಿ ಎಲ್ಲ ಇತ್ತು. ಔಷಧಿ ಅಂಗಡಿಯವರ ಮಗಳನ್ನು ಮನೆಯಲ್ಲಿ ಉಳಿಸಿಕೊಂಡರು, ಶಾಲೆ ನಡೆಯಿತು. ಆ ಆದೇಶ ನಿಜವಾದದ್ದೇ, ಆದರೆ ಹಿಂದಿನ ವರ್ಷದ್ದು. ಮೂಲೆಯಲ್ಲಿದ್ದ ದಿನಾಂಕವನ್ನು ಯಾರೂ ದೊಡ್ಡದು ಮಾಡಿ ನೋಡಿರಲಿಲ್ಲ. ಆಮೇಲೆ ರಜೆಯ ಸುದ್ದಿಯನ್ನು ಟೀಚರ್‌ಗೆ ಒಪ್ಪಿಸಿದೆವು. ಆದೇಶದ ದಿನಾಂಕ ನೋಡಿ, ತಮ್ಮ ಶಾಲೆಯಿಂದ ಖಚಿತಪಡಿಸಿಕೊಂಡು ಅವರು ನನಗೆ ಹೇಳಿದರೆ ಮಾತ್ರ ಅದು ಸೂಚನೆಯ ಗುಂಪಿಗೆ ಬರುತ್ತದೆ. ಅಲ್ಲಿ ಕಾಣಿಸದಿದ್ದರೆ ರಜೆ ಇಲ್ಲವೆಂದು ತಿಳಿದು ಮಕ್ಕಳಿಗೆ ಡಬ್ಬಿ ಕಟ್ಟುತ್ತಾರೆ.

ಇನ್ನೊಂದು ಕಷ್ಟ ಗಾಡಿ ನಿಲ್ಲಿಸುವ ಜಾಗದ್ದು. ಹುಡುಗರ ಬೈಕು ಸಂಪಿನ ಮುಚ್ಚಳದ ಮೇಲೆ ನಿಂತಿರುತ್ತಿತ್ತು. ಚಾಲಕರು ಅದರ ಫೋಟೊ ತೆಗೆದು, ‘ಇದು ಯಾರ ಗಾಡಿ? ಸ್ವಲ್ಪವಾದರೂ ಬುದ್ಧಿ ಬೇಡವೇ?’ ಎಂದು ಬರೆದು, ಕಳುಹಿಸುವ ಮೊದಲು ನನಗೆ ತೋರಿಸಿದರು. ಗಾಡಿ ಯಾರದೆಂದು ಎಂಟು ಮನೆಗಳಿಗೂ ಗೊತ್ತು. ಅಂದ ಮೇಲೆ ಆ ಪ್ರಶ್ನೆ ಎಲ್ಲರ ಎದುರು ನಿಲ್ಲಿಸಿ ಬೈದಂತೆ. ‘ಅಣ್ಣಾ, ಮೇಲೆ ಹೋಗಿ ಒಂದು ಮಾತು ಹೇಳಿದರೆ ಆಗದೇ?’ ಎಂದೆ. ಅವರು ಹೋಗಿ ಹೇಳಿದರು. ಹುಡುಗರು ಗಾಡಿ ತೆಗೆದರು, ಕಾರಣ ಕೇಳಿದಾಗ ಮುಚ್ಚಳದ ಕೆಳಗೆ ಸಂಪಿದೆಯೆಂದೇ ಅವರಿಗೆ ಗೊತ್ತಿರಲಿಲ್ಲವೆಂದು ತಿಳಿಯಿತು. ಆ ಸಂಜೆ ಗುಂಪಿಗೆ ಹೋದದ್ದು ಇಷ್ಟು: ‘ಎಲ್ಲ ಮನೆಗಳಿಗೆ: ಗೇಟಿನ ಎಡಕ್ಕಿರುವ ಕಬ್ಬಿಣದ ಮುಚ್ಚಳ ಸಂಪಿನದು. ಅದರ ಮೇಲೆ ಗಾಡಿ ನಿಲ್ಲಿಸುವುದು ಬೇಡ, ಭಾರಕ್ಕೆ ಮುಚ್ಚಳ ಬಗ್ಗುತ್ತಿದೆ.’ ಒಬ್ಬರಿಗೆ ಸಂಬಂಧಿಸಿದ್ದನ್ನು ಅವರ ಬಾಗಿಲಲ್ಲೇ ಹೇಳುವುದು, ಗುಂಪಿಗೆ ವ್ಯಕ್ತಿಯ ಫೋಟೊವನ್ನಾಗಲಿ ಅವರ ವಸ್ತುವಿನ ಫೋಟೊವನ್ನಾಗಲಿ ಹಾಕದಿರುವುದು ಆಗಿನಿಂದ ರೂಢಿಯಾಯಿತು. ನೀರಿನ ಬಿಲ್ಲಿನ ಪಾಲು ಯಾರು ಕೊಟ್ಟಿಲ್ಲ ಎಂಬುದೂ ಹೀಗೆಯೇ, ಬಾಕಿಯವರಿಗೆ ಮಾತ್ರ ಬೇರೆಯಾಗಿ ತಿಳಿಸುತ್ತೇವೆ.

ತುರ್ತು ವಿಷಯಗಳನ್ನು ಗುಂಪಿನಿಂದ ಹೊರಗೇ ಇಟ್ಟಿದ್ದೇವೆ. ಗ್ಯಾಸ್ ವಾಸನೆ, ಮೀಟರ್ ಬೋರ್ಡಿನಲ್ಲಿ ಕಿಡಿ, ಮಳೆಗಾಲದಲ್ಲಿ ಗಾಡಿಗಳ ನಡುವೆ ಬಂದು ಸೇರುವ ಹಾವು, ಇಂಥವಕ್ಕೆ ಸಂದೇಶ ಬರೆಯುತ್ತಾ ಕೂರುವಂತಿಲ್ಲ, ಬಾಗಿಲು ಬಡಿಯಬೇಕು ಅಥವಾ ಫೋನ್ ಮಾಡಬೇಕು. ಗುಂಪನ್ನು ಮೌನವಾಗಿಟ್ಟು ಮಲಗುವ ಹಕ್ಕು ಎಲ್ಲರಿಗೂ ಇದೆ. ಆ ಹಕ್ಕನ್ನು ಕೊಟ್ಟ ಮೇಲೆ ಗುಂಪಿನ ಮೂಲಕ ಯಾರನ್ನಾದರೂ ಎಬ್ಬಿಸುತ್ತೇವೆಂದು ನಂಬುವುದು ಅಪಾಯ. ಕರೆ ಮಾಡುವ ಕ್ರಮವನ್ನು ಹಲಗೆಯ ಬದಿಯಲ್ಲಿ ಅಂಟಿಸಿದ್ದೇವೆ, ಜೊತೆಗೆ ವಿದ್ಯುತ್ ದೂರಿನ 1912 ಮತ್ತು ತುರ್ತು ಸಹಾಯದ 112.

ಅಕ್ಟೋಬರ್‌ನಲ್ಲಿ ಮತ್ತೆ ಸಂಪು ತೊಳೆಯುವ ಮಾತು ಬಂತು. ಮಳೆಗಾಲದಲ್ಲಿ ತುಂಗೆ ಕೆಂಪಗೆ ಹರಿದ ತಿಂಗಳುಗಳಾದ ಮೇಲೆ ಸಂಪಿನ ತಳದಲ್ಲಿ ನುಣ್ಣನೆಯ ಕೆಸರು ಕೂತಿರುತ್ತದೆ, ಟ್ಯಾಂಕು ಖಾಲಿಯಾಗುವ ಹೊತ್ತಿಗೆ ನಲ್ಲಿಯ ನೀರು ಬಣ್ಣ ತಿರುಗುತ್ತದೆ. ಮಾಲೀಕರು 19ರ ಭಾನುವಾರ ಹೇಳಿದರು. ಸಂಜೆ ಹಲಗೆಯ ಹತ್ತಿರ ನಿಂತಿದ್ದ ಅಜ್ಜಿಗೆ ಹೇಳಿದಾಗ ಅವರು, ‘ಅಂದು ನೀರು ತುಂಬುವ ಹಬ್ಬವಲ್ಲವೇ? ಹಂಡೆ ತೊಳೆದು ತುಂಬಿಸುವ ದಿನ ಸಂಪು ಖಾಲಿ ಮಾಡುತ್ತೀರಾ?’ ಎಂದರು. ಒಂದು ವಾರ ಹಿಂದಕ್ಕೆ, 12ಕ್ಕೆ ತಂದೆವು. ಅವರನ್ನು ಕೇಳದೆ ಹೋಗಿದ್ದರೆ ದೀಪಾವಳಿಯ ಮುನ್ನಾದಿನ ಮೇ ತಿಂಗಳಿಗಿಂತ ದೊಡ್ಡ ಜಗಳವಾಗುತ್ತಿತ್ತು.

ಚಾಲಕರು ಲೆಕ್ಕ ಹಾಕಿದರು. ಸಂಪಿನಲ್ಲಿ ಹಿಡಿಯುವುದು ಒಂಬತ್ತು ಸಾವಿರ ಲೀಟರು, ದಿನಕ್ಕೆ ಮೂರು ಸಾವಿರದಂತೆ ಮೂರು ದಿನದ ನೀರು. ಗುರುವಾರ ಸಂಜೆ ಸಂಪು ತುಂಬಿದ ಮೇಲೆ ಒಳಬರುವ ನೀರಿನ ವಾಲ್ವ್ ಮುಚ್ಚಿದರು. ಹೊಸ ನೀರು ಬಾರದೆ, ಇದ್ದದ್ದು ದಿನಬಳಕೆಗೇ ಖರ್ಚಾಗುತ್ತಾ ಇಳಿಯಿತು. ಹಾಗಾಗಿ ಚೆಲ್ಲುವ ನೀರು ಬಹಳ ಕಡಿಮೆ. ಗುಂಪಿಗೆ ಸೂಚನೆ ಹೋದದ್ದು ಶನಿವಾರ ಸಂಜೆ ಏಳೂವರೆಗೆ:

‘ಸಂಪು ತೊಳೆಯುವುದು: ಭಾನುವಾರ, ಅಕ್ಟೋಬರ್ 12. ಬೆಳಿಗ್ಗೆ 7ರಿಂದ ಮಧ್ಯಾಹ್ನ 1ರವರೆಗೆ. ಎಂಟೂ ಮನೆಗಳಿಗೆ. ತಾರಸಿಯ ಎರಡೂ ಟ್ಯಾಂಕುಗಳನ್ನು ಬೆಳಿಗ್ಗೆ 6ಕ್ಕೆ ತುಂಬಿಸಿರುತ್ತೇವೆ, ನಲ್ಲಿಯಲ್ಲಿ ನೀರು ಇರುತ್ತದೆ. ಮನೆಗೆ ಎರಡು ಬಕೆಟ್ ಹಿಡಿದಿಟ್ಟುಕೊಂಡರೆ ಸಾಕು, ಡ್ರಮ್ಮು ತುಂಬಿಸುವುದು ಬೇಡ. ಬಟ್ಟೆ ಒಗೆಯುವುದನ್ನು ಸೋಮವಾರಕ್ಕೆ ಇಟ್ಟುಕೊಳ್ಳಿ. ಕೇಳುವುದಿದ್ದರೆ ಎರಡನೆಯ ಮಹಡಿಯ ಚಾಲಕರಿಗೆ ಫೋನ್ ಮಾಡಿ.’

ನಾನು ಬಹಳ ಹೊತ್ತು ಯೋಚಿಸಿ ಬರೆದದ್ದು ‘ನಲ್ಲಿಯಲ್ಲಿ ನೀರು ಇರುತ್ತದೆ’ ಎಂಬ ಮೂರು ಪದಗಳನ್ನು. ನೀರು ಇರುವುದಿಲ್ಲವೆಂದು ಓದಿದ ಕೈ ತಾನಾಗಿಯೇ ನಲ್ಲಿ ತಿರುಗಿಸುತ್ತದೆ. ಸಂದೇಶವನ್ನು ಗುಂಪಿನ ತಲೆಯಲ್ಲಿ ಪಿನ್ ಮಾಡಿದೆ. ಇಪ್ಪತ್ತನಾಲ್ಕು ಗಂಟೆ, ಏಳು ದಿನ, ಮೂವತ್ತು ದಿನ ಎಂಬ ಆಯ್ಕೆಗಳಲ್ಲಿ ಇಪ್ಪತ್ತನಾಲ್ಕು ಗಂಟೆ ಸಾಕಿತ್ತು. ಎಂಟೂವರೆಗೆ ಸಂದೇಶವನ್ನು ಒತ್ತಿ ಹಿಡಿದು ಯಾರು ಓದಿದ್ದಾರೆಂದು ನೋಡಿದೆ. ಬಾಣಂತಿಯ ಮನೆಯ ಇಬ್ಬರೂ ಓದಿರಲಿಲ್ಲ. ಮೇಲೆ ಹೋಗಿ ಬಾಗಿಲಲ್ಲೇ ಹೇಳಿ ಬಂದೆ. ಯಾರು ಓದಿಲ್ಲವೆಂಬುದನ್ನು ನೋಡುವುದು ಇದೊಂದಕ್ಕೇ, ಆಮೇಲೆ ಎತ್ತಿ ಆಡುವುದಕ್ಕೆ ಬಳಸಬಾರದೆಂದು ಮೂವರೂ ಮಾತಾಡಿಕೊಂಡಿದ್ದೇವೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಚಾಲಕರು ಟ್ಯಾಂಕುಗಳನ್ನು ತುಂಬಿಸಿದರು. ಆರೂವರೆಗೆ ನನ್ನ ಒಂದು ಸಾಲು ಹೋಯಿತು: ‘ಟ್ಯಾಂಕು ತುಂಬಿದೆ. ಸಂಪಿನ ಕೆಲಸ 7ಕ್ಕೆ ಶುರು.’ ತೊಳೆಯಲು ಇಬ್ಬರು ಬಂದಿದ್ದರು. ಮೋಟರಿನ ಸ್ವಿಚ್ಚು ಆರಿಸಿ ಫ್ಯೂಸ್ ತೆಗೆದಿಟ್ಟು, ಸಂಪಿನೊಳಗಿನ ಗಾಳಿ ಬದಲಾಗಲೆಂದು ಮುಚ್ಚಳವನ್ನು ಅರ್ಧ ಗಂಟೆಗೂ ಹೆಚ್ಚು ತೆರೆದಿಟ್ಟರು. ಒಬ್ಬ ಇಳಿದಾಗ ಇನ್ನೊಬ್ಬ ಮೇಲೆ ನಿಂತೇ ಇದ್ದ. ಪಂಪು ಎಳೆಯಲಾರದೆ ಉಳಿದ ಅರ್ಧ ಅಡಿ ರಾಡಿಯನ್ನು ಬಕೆಟ್ಟಿನಲ್ಲಿ ಎತ್ತಿ ಹಿತ್ತಲಿನ ಬಾಳೆಗೆ ಹಾಕಿದರು. ಗೋಡೆಗಳನ್ನು ಉಜ್ಜಿ, ಬ್ಲೀಚಿಂಗ್ ಪುಡಿ ಕದಡಿದ ನೀರಿನಿಂದ ತೊಳೆದು, ಮತ್ತೆ ಎರಡು ಸಲ ಬರಿನೀರಿನಿಂದ ತೊಳೆದರು.

ಹತ್ತೂವರೆಗೆ ತೊಡಕಾಯಿತು. ವಾಲ್ವ್ ಬಿಗಿದು ನಿಂತಿತ್ತು, ತಿರುಗಲಿಲ್ಲ. ಪ್ಲಂಬರ್ ಬರಬೇಕು, ಒಂದು ಗಂಟೆಗೆ ಮುಗಿಯುವುದಿಲ್ಲ. ಇಂಥ ಹೊತ್ತಿನಲ್ಲಿ ಹಿಂದೆಲ್ಲ ನಾವು ಸುಮ್ಮನಿರುತ್ತಿದ್ದೆವು, ಸರಿಯಾದ ಮೇಲೆ ಹೇಳೋಣವೆಂದು. ಆ ಸುಮ್ಮನಿರುವಿಕೆಯೇ ‘ನೀರು ಬಂತಾ?’ ಎಂಬ ಪ್ರಶ್ನೆಗಳನ್ನು ಸಾಲಾಗಿ ಕರೆತರುತ್ತಿತ್ತು. ಈ ಸಲ ಆಗಲೇ ಬರೆದೆ: ‘ಬದಲಾವಣೆ: ವಾಲ್ವ್ ತೆರೆಯುತ್ತಿಲ್ಲ, ಪ್ಲಂಬರ್ 12ಕ್ಕೆ ಬರುತ್ತಾರೆ. 1ರ ಬದಲು 3 ಗಂಟೆ ಆಗಬಹುದು. ಟ್ಯಾಂಕಿನಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ನೀರಿದೆ. ಮುಂದಿನ ಸುದ್ದಿ 1 ಗಂಟೆಗೆ ಹೇಳುತ್ತೇನೆ.’ ಒಂದು ಗಂಟೆಗೆ ಹೇಳಲು ಹೊಸದೇನೂ ಇರಲಿಲ್ಲ. ಆದರೂ ‘ಪ್ಲಂಬರ್ ಕೆಲಸ ನಡೆಯುತ್ತಿದೆ, 3 ಗಂಟೆ ಎಂಬುದರಲ್ಲಿ ಬದಲಾವಣೆ ಇಲ್ಲ’ ಎಂದು ಬರೆದೆ. ಕೊಟ್ಟ ಹೊತ್ತಿಗೆ ಮಾತು ಬರುತ್ತದೆಂಬ ಭರವಸೆ ಇದ್ದರೆ ನಡುವೆ ಯಾರೂ ಕೇಳುವುದಿಲ್ಲ. ಅಂದು ‘ಮನೆ ಮಾತು’ ಗುಂಪಿನಲ್ಲಿ ನೀರಿನ ಬಗ್ಗೆ ಬಂದ ಪ್ರಶ್ನೆ ಒಂದೇ, ಹುಡುಗರದು: ಮೂರಕ್ಕೆ ಸ್ನಾನ ಮಾಡಬಹುದೇ ಎಂದು.

ಎರಡು ಗಂಟೆ ನಲವತ್ತಕ್ಕೆ ಕೊನೆಯ ಸಾಲು: ‘ಸಂಪು ಮುಗಿಯಿತು. ನೀರು ತುಂಬುತ್ತಿದೆ. ಬ್ಲೀಚಿಂಗ್ ವಾಸನೆ ಹೋಗುವವರೆಗೆ, ಸೋಮವಾರ ಬೆಳಗಿನವರೆಗೆ, ಕುಡಿಯುವುದಕ್ಕೆ ಹಿಡಿದಿಟ್ಟ ನೀರನ್ನೇ ಬಳಸಿ.’ ಪಿನ್ ತೆಗೆದೆ. ಹಲಗೆ ಒರೆಸಲು ಕೆಳಗೆ ಬಂದರೆ ಅಜ್ಜಿ ಆಗಲೇ ಸೆರಗಿನ ತುದಿಯಿಂದ ಅರ್ಧ ಒರೆಸಿದ್ದರು. ‘ಮುಗಿಯಿತು ಎಂದು ಮೇಲಿನ ಹುಡುಗ ಬಂದು ಹೇಳಿದ’ ಎಂದರು. ಅವರ ಬಾಗಿಲ ಪಕ್ಕದಲ್ಲಿ ತುಂಬಿದ ಎರಡು ಬಕೆಟ್ಟುಗಳಿದ್ದವು, ಬೆಳಿಗ್ಗೆ ಅವನೇ ತಂದಿಟ್ಟದ್ದು.